ವ್ಯಾಟ್ ಲೆಕ್ಕದಲ್ಲಿ ಒಂದು ಲ್ಯಾಪ್‌ಟಾಪ್

ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ಕಪ್ಪು ಬಣ್ಣದ, ಚೌಕ ಮೂಲೆಗಳ, ನೋಡಲು ಯಾವ ಆಕರ್ಷಣೆಯೂ ಇಲ್ಲದ ಯಂತ್ರವೊಂದನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಕೀಲಿಮಣೆಯ ನಡುವೆ ಒಂದು ಕೆಂಪು ಗುಂಡಿ. ಅದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480. 2018ರಲ್ಲಿ ಮಾರುಕಟ್ಟೆಗೆ ಬಂದದ್ದು. ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಕೊಂಡು, ಮೂರು ನಾಲ್ಕು ವರ್ಷ ಬಳಸಿ ಹೊರಹಾಕಿದವು. ಈಗ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್‌ಗೆ ಸೇರಿದ ಒಬ್ಬ ಹುಡುಗಿ ಇದನ್ನು ಕೊಳ್ಳಬೇಕೋ ಬೇಡವೋ ಎಂದು ಕೇಳಿದರೆ ಹೇಗೆ ಪರೀಕ್ಷಿಸಿ ಉತ್ತರಿಸಬೇಕು? ಈ ಅಧ್ಯಾಯದಲ್ಲಿ ಆ ಪರೀಕ್ಷೆಯನ್ನು ಮಾಡೋಣ. ಅವಳಿಗೆ ಇನ್ನು ಮೂರು ವರ್ಷದ ಓದಿದೆ. ದಿನಾ ಬಸ್ಸಿನಲ್ಲಿ ಓಡಾಟ. ತರಗತಿಯಲ್ಲಿ ಪ್ಲಗ್ ಪಾಯಿಂಟ್ ಸಿಗುವ ಭರವಸೆ ಇಲ್ಲ. ಯಂತ್ರ ಕೆಟ್ಟರೆ ತಿಂಗಳುಗಟ್ಟಲೆ ಕಾಯುವ ಸ್ಥಿತಿಯೂ ಇಲ್ಲ.

ಮೊದಲಿಗೆ ವೇಗ. ಅಂಗಡಿಯವರು ಪ್ರೊಸೆಸರ್ ಹೆಸರು ಹೇಳಿ ‘3.4 ಗಿಗಾಹರ್ಟ್ಸ್ ಸ್ಪೀಡ್ ಮೇಡಂ’ ಎನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಅದಕ್ಕೊಂದು ಷರತ್ತಿದೆ. ಈ ಯಂತ್ರದಲ್ಲಿ ಸಾಮಾನ್ಯವಾಗಿ ಇರುವ ಇಂಟೆಲ್ i5-8250U ಪ್ರೊಸೆಸರ್‌ಗೆ ಎರಡು ವೇಗಗಳನ್ನು ನಮೂದಿಸಿದ್ದಾರೆ. ಮೂಲ ವೇಗ 1.6 ಗಿಗಾಹರ್ಟ್ಸ್, ಗರಿಷ್ಠ ವೇಗ 3.4. ಒಂದು ಇನ್ನೊಂದರ ಎರಡು ಪಟ್ಟಿಗೂ ಹೆಚ್ಚು. ಎಲ್ಲಿಂದ ಬಂತು ಇಷ್ಟು ಅಂತರ?

ಉತ್ತರ ಇರುವುದು ಬಿಸಿಯಲ್ಲಿ. ಚಿಪ್ಪಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಪ್ರತಿ ಸಲ ಸ್ಥಿತಿ ಬದಲಿಸುವಾಗಲೂ ಒಂದಿಷ್ಟು ವಿದ್ಯುತ್ತು ಶಾಖವಾಗುತ್ತದೆ. ಆ ಶಾಖ ಗಡಿಯಾರದ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಿಸಬೇಕೆಂದರೆ ವೋಲ್ಟೇಜನ್ನೂ ಹೆಚ್ಚಿಸಲೇಬೇಕು, ಇಲ್ಲದಿದ್ದರೆ ಟ್ರಾನ್ಸಿಸ್ಟರು ಆ ಅವಸರದಲ್ಲಿ ಸರಿಯಾಗಿ ತೆರೆದು ಮುಚ್ಚುವುದಿಲ್ಲ. ವೇಗವನ್ನು ಒಂದೂವರೆ ಪಟ್ಟು ಮಾಡಲು ವೋಲ್ಟೇಜನ್ನು ಶೇ. 20ರಷ್ಟು ಏರಿಸಬೇಕಾಯಿತು ಎನ್ನಿ. ಶಾಖ 1.5 ಗುಣಿಸು 1.44, ಅಂದರೆ ಎರಡು ಪಟ್ಟಿಗೂ ಮೀರುತ್ತದೆ. ಈ ಪ್ರೊಸೆಸರನ್ನು ದೀರ್ಘಕಾಲ 15 ವ್ಯಾಟ್ ಶಾಖ ಹೊರಹಾಕುವ ಲೆಕ್ಕದಲ್ಲಿ ರೂಪಿಸಲಾಗಿದೆ. ತೆಳ್ಳಗಿನ ಒಂದು ತಾಮ್ರದ ಕೊಳವೆ, ಒಂದು ಪುಟ್ಟ ಫ್ಯಾನು ಹೊರಗೆ ದಬ್ಬಬೇಕಾದ ಶಾಖ ಅಷ್ಟು. ನಾಲ್ಕೂ ಕೋರ್‌ಗಳು ಗರಿಷ್ಠ ವೇಗದಲ್ಲಿ ದುಡಿದರೆ ಆ 15 ವ್ಯಾಟ್ ಏನಕ್ಕೂ ಸಾಲದು.

ಹಾಗಾಗಿ ಇಂಟೆಲ್ ಒಂದು ಉಪಾಯ ಮಾಡಿದೆ. ತಣ್ಣಗಿರುವ ಚಿಪ್ಪು ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಿತಿ ಮೀರಿ ವಿದ್ಯುತ್ತು ತೆಗೆದುಕೊಳ್ಳಲು ಅನುಮತಿ ಇದೆ. ಈ ಬಗೆಯ ಲ್ಯಾಪ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ 28 ಸೆಕೆಂಡು. ಆಮೇಲೆ ವಿದ್ಯುತ್ತನ್ನು 15 ವ್ಯಾಟಿನ ಆಸುಪಾಸಿಗೆ ಇಳಿಸಿ, ಅದಕ್ಕೆ ತಕ್ಕಂತೆ ವೇಗವನ್ನೂ ಇಳಿಸುತ್ತದೆ. ವಿಮರ್ಶೆಗಳಲ್ಲಿ ಕಾಣುವ ಅನೇಕ ಅಂಕಿಗಳು ಈ ಮೊದಲ ಅರ್ಧ ನಿಮಿಷದವು. ಅವು ವ್ಯರ್ಥವೇನಲ್ಲ. ಬ್ರೌಸರ್ ತೆರೆಯುವುದು, ನೂರು ಸಾಲಿನ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡುವುದು, ಪಿಡಿಎಫ್ ಹುಡುಕುವುದು ಇವೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತವೆ, ಆ ವೇಗ ಅವಳಿಗೆ ಪೂರ್ತಿ ಸಿಗುತ್ತದೆ. ಆದರೆ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಒಂದು ದೊಡ್ಡ ಪ್ರಾಜೆಕ್ಟ್ ಕಟ್ಟುವಾಗ, ಅರ್ಧ ಗಂಟೆ ಓಡುವ ಸಿಮ್ಯುಲೇಶನ್ ಹಾಕಿದಾಗ ಸಿಗುವುದು ಅನಂತರದ ವೇಗ. ವಿಮರ್ಶಕರು ಅಳೆಯಬೇಕಾದದ್ದು ಅದನ್ನು.

ಅಳೆಯುವುದು ಕಷ್ಟವಲ್ಲ. 7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲೇ ಒಂದು ವೇಗ ಪರೀಕ್ಷೆ ಇದೆ. ಚಾರ್ಜರ್ ಚುಚ್ಚಿ ಅದನ್ನು ಹತ್ತು ನಿಮಿಷ ಓಡಲು ಬಿಡಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಗಿಗಾಹರ್ಟ್ಸ್ ಅಂಕಿಯನ್ನು ಗಮನಿಸಿ. ಆರಂಭದಲ್ಲಿ ಮೂರರ ಹತ್ತಿರ ಹೋಗಿ, ನಿಧಾನಕ್ಕೆ ಇಳಿದು, ಎರಡಕ್ಕಿಂತ ಮೇಲೆ ಎಲ್ಲೋ ನಿಂತರೆ ಯಂತ್ರ ಆರೋಗ್ಯವಾಗಿದೆ. 1.6ಕ್ಕಿಂತ ಕೆಳಗೆ ಬಿತ್ತೆಂದರೆ ಇಂಟೆಲ್ ಭರವಸೆ ಕೊಟ್ಟ ಮೂಲ ವೇಗವೂ ಸಿಗುತ್ತಿಲ್ಲ ಎಂದರ್ಥ. ಆಗ ಫ್ಯಾನಿನ ಸದ್ದು ಕೇಳಿ. ಅದು ಜೋರಾಗಿ ತಿರುಗುತ್ತಿದ್ದು ಪಕ್ಕದ ಕಿಂಡಿಯಿಂದ ಬರುವ ಗಾಳಿ ಕಡಿಮೆ ಇದ್ದರೆ ಒಳಗೆ ಧೂಳು ಕಟ್ಟಿದೆ. ಗಾಳಿ ಧಾರಾಳವಾಗಿದ್ದೂ ಅಷ್ಟೇನು ಬೆಚ್ಚಗಿಲ್ಲದಿದ್ದರೆ ಚಿಪ್ಪಿಗೂ ತಾಮ್ರಕ್ಕೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಶಾಖ ಚಿಪ್ಪಿನಲ್ಲೇ ಉಳಿಯುತ್ತಿದೆ, ಗಾಳಿಗೆ ದಾಟುತ್ತಿಲ್ಲ. ಇವೆರಡೂ ಕೆಲವು ನೂರು ರೂಪಾಯಿಯಲ್ಲಿ ಸರಿಹೋಗುವ ದೋಷಗಳು, ಬೆಲೆ ಇಳಿಸಲು ಒಳ್ಳೆಯ ಕಾರಣಗಳು ಕೂಡ. ಯಂತ್ರ ತಣ್ಣಗಿದ್ದೂ ವೇಗ 0.4 ಗಿಗಾಹರ್ಟ್ಸ್‌ನಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಮಾತ್ರ ಹುಷಾರಾಗಬೇಕು. ತೊಂದರೆ ಚಾರ್ಜರಿನದೋ ಮದರ್‌ಬೋರ್ಡಿನದೋ ಆಗಿರಬಹುದು. ಬೇರೆ ಚಾರ್ಜರ್ ಹಾಕಿದರೂ ಹಾಗೇ ಇದ್ದರೆ ಆ ಯಂತ್ರವನ್ನು ಬಿಟ್ಟು ಪಕ್ಕದ್ದನ್ನು ನೋಡಿ.

ಟಾಸ್ಕ್ ಮ್ಯಾನೇಜರಿನ ಅದೇ ಪುಟದಲ್ಲಿ ಇನ್ನೊಂದು ವಿಷಯ ಸಿಗುತ್ತದೆ, ಪ್ರೊಸೆಸರಿನ ಪೂರ್ತಿ ಹೆಸರು. ಟಿ480ರ ಕೆಲವು ಯಂತ್ರಗಳು ಹಿಂದಿನ, ಅಂದರೆ ಏಳನೇ ತಲೆಮಾರಿನ ಪ್ರೊಸೆಸರಿನೊಂದಿಗೆ ಬಂದವು. ಹೊರಗಿನಿಂದ ನೋಡಿದರೆ ಗುರುತೇ ಸಿಗದು. ಅವುಗಳಲ್ಲಿ ನಾಲ್ಕರ ಬದಲು ಎರಡೇ ಕೋರ್. ಸಾಲದ್ದಕ್ಕೆ ಮೈಕ್ರೋಸಾಫ್ಟ್‌ನ ವಿಂಡೋಸ್ 11 ಬೆಂಬಲ ಪಟ್ಟಿಯಲ್ಲಿ ಎಂಟನೇ ತಲೆಮಾರಿನ ಈ ಪ್ರೊಸೆಸರ್‌ಗಳಿವೆ, ಏಳನೆಯವು ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರಿನಲ್ಲಿ ಅಡ್ಡಗೆರೆಯ ನಂತರದ ಅಂಕಿ 8 ಇದ್ದರೆ ಸರಿ, 7 ಇದ್ದರೆ ಬೇಡ.

ಇಂದಿನ ಹೊಸ ಐ3 ಪ್ರೊಸೆಸರ್ ಕೂಡ ಈ ಹಳೆಯ ಐ5ಗಿಂತ ವೇಗವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ವಾಸ್ತುಶಿಲ್ಪದ ವಿದ್ಯಾರ್ಥಿಗೆ, ಮೂರು ಆಯಾಮದ ದೊಡ್ಡ ಮಾದರಿಗಳನ್ನು ತಿರುಗಿಸಿ ನೋಡಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ, ಇದರ ಗ್ರಾಫಿಕ್ಸ್ ಅಷ್ಟು ಭಾರ ಹೊರದು. ಪ್ರೋಗ್ರಾಮಿಂಗ್ ಕಲಿಯುವವಳಿಗೆ ಮಾತ್ರ ಪ್ರೊಸೆಸರಿಗಿಂತ ಮೊದಲು ಸಾಲದೆ ಹೋಗುವುದು ಮೆಮೊರಿ. ಎಂಟು ಜಿಬಿ ರ‍್ಯಾಮ್‌ನಲ್ಲಿ ಬ್ರೌಸರು, ಎಡಿಟರು, ಮೊಬೈಲಿನ ಎಮ್ಯುಲೇಟರು ಮೂರೂ ತೆರೆದರೆ ಉಸಿರು ಕಟ್ಟುತ್ತದೆ. ಟಿ480ರಲ್ಲಿ ರ‍್ಯಾಮ್ ಹಾಕಲು ಎರಡು ಸ್ಲಾಟ್ ಇವೆ, ಎರಡನ್ನೂ ಬಿಚ್ಚಿ ಬದಲಿಸಬಹುದು. ಈಗಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೊದಲ ದಿನ ತಂದಷ್ಟೇ ಕೊನೆಯ ದಿನದವರೆಗೂ.

ಇನ್ನು ಬ್ಯಾಟರಿ. ಪ್ರೊಸೆಸರಿನ ವ್ಯಾಟ್ ಲೆಕ್ಕವೇ ಇಲ್ಲಿ ಮುಂದುವರಿಯುತ್ತದೆ. ಬ್ಯಾಟರಿಯಲ್ಲಿರುವ ಶಕ್ತಿಯನ್ನು ವ್ಯಾಟ್-ಗಂಟೆಯಲ್ಲಿ ಹೇಳುತ್ತಾರೆ. ಮನೆಯ ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ವ್ಯಾಟ್-ಗಂಟೆ, ನಲ್ಲಿಯನ್ನು ಎಷ್ಟು ತೆರೆದಿದ್ದೀರಿ ಎಂಬುದು ವ್ಯಾಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಷ್ಟು ಗಂಟೆ ಬರುತ್ತದೆ ಎಂದು ತಿಳಿಯುತ್ತದೆ. ‘ಬ್ಯಾಟರಿ ಆರು ಗಂಟೆ ಬರುತ್ತೆ’ ಎಂಬ ಮಾತಿನಲ್ಲಿ ನಲ್ಲಿ ಎಷ್ಟು ತೆರೆದಿತ್ತು ಎಂಬುದನ್ನು ಹೇಳದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಟಿ480ರಲ್ಲಿ ಎರಡು ಬ್ಯಾಟರಿಗಳು. ಒಂದು ಒಳಗೆ, 24 ವ್ಯಾಟ್-ಗಂಟೆಯದು. ಇನ್ನೊಂದು ಹಿಂಬದಿಯಲ್ಲಿ, ಚಿಲಕ ಸರಿಸಿದರೆ ಕೈಗೇ ಬರುವಂಥದು. ಹಿಂದಿನದು 24, 48, 72 ವ್ಯಾಟ್-ಗಂಟೆಗಳ ಮೂರು ಗಾತ್ರಗಳಲ್ಲಿ ಬಂದಿದೆ. ಯಂತ್ರ ಮೊದಲು ಹಿಂದಿನದನ್ನು ಖಾಲಿ ಮಾಡಿ ಆಮೇಲೆ ಒಳಗಿನದಕ್ಕೆ ಬರುತ್ತದೆ. ಹಾಗಾಗಿ ಲ್ಯಾಪ್‌ಟಾಪನ್ನು ಆರಿಸದೆಯೇ ಖಾಲಿಯಾದ ಬ್ಯಾಟರಿ ತೆಗೆದು ತುಂಬಿದ್ದನ್ನು ಹಾಕಬಹುದು. ಪ್ಲಗ್ ಪಾಯಿಂಟ್ ಇಲ್ಲದ ತರಗತಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಮುಂದಿನ ಮಾದರಿಗಳಲ್ಲಿ ಇದನ್ನು ಕೈಬಿಟ್ಟದ್ದು ನನಗೆ ಈಗಲೂ ಬೇಸರದ ಸಂಗತಿ.

ಹಳೇ ಯಂತ್ರದಲ್ಲಿ ಬ್ಯಾಟರಿ ಎಷ್ಟು ಉಳಿದಿದೆ ಎಂದು ತಿಳಿಯಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಇಷ್ಟು ಟೈಪ್ ಮಾಡಿದರೆ ಸಾಕು:

```
powercfg /batteryreport
```

ಒಂದು ವರದಿ ತಯಾರಾಗಿ ಅದು ಎಲ್ಲಿ ಉಳಿದಿದೆ ಎಂದು ತೋರಿಸುತ್ತದೆ. ಬ್ರೌಸರಿನಲ್ಲಿ ತೆರೆದರೆ ಪ್ರತಿ ಬ್ಯಾಟರಿಗೂ ಎರಡು ಅಂಕಿಗಳಿರುತ್ತವೆ. `DESIGN CAPACITY` ಅಂದರೆ ಹೊಸದಾಗಿದ್ದಾಗ ಹಿಡಿಯುತ್ತಿದ್ದದ್ದು, `FULL CHARGE CAPACITY` ಅಂದರೆ ಈಗ ಹಿಡಿಯುತ್ತಿರುವುದು. ಅಂಕಿಗಳು ಮಿಲಿವ್ಯಾಟ್-ಗಂಟೆಯಲ್ಲಿರುವುದರಿಂದ ಸಾವಿರದಿಂದ ಭಾಗಿಸಿಕೊಳ್ಳಬೇಕು.

ನಮ್ಮ ಹುಡುಗಿ ನೋಡುತ್ತಿರುವ ಯಂತ್ರದಲ್ಲಿ ಒಳಗಿನ ಬ್ಯಾಟರಿ 24ರಿಂದ 19ಕ್ಕೆ, ಹಿಂದಿನದು 48ರಿಂದ 29ಕ್ಕೆ ಇಳಿದಿದೆ ಎಂದುಕೊಳ್ಳೋಣ. ಒಟ್ಟು 72 ಇದ್ದದ್ದು ಈಗ 48. ತರಗತಿಯಲ್ಲಿ ಟಿಪ್ಪಣಿ ಬರೆಯುತ್ತಾ, ಪರದೆಯ ಬೆಳಕು ಅರ್ಧಕ್ಕಿಟ್ಟು, ವೈಫೈ ಹಾಕಿಕೊಂಡಿದ್ದರೆ ಇಡೀ ಯಂತ್ರ ಸುಮಾರು 7 ವ್ಯಾಟ್ ಎಳೆಯುತ್ತದೆ. 48 ಭಾಗಿಸು 7, ಹತ್ತಿರ ಹತ್ತಿರ ಏಳು ಗಂಟೆ. ಹತ್ತಾರು ಟ್ಯಾಬು, ನಡುನಡುವೆ ವೀಡಿಯೊ, ಆಗಾಗ ಕೋಡ್ ಓಡಿಸುವುದು ಸೇರಿದರೆ 12 ವ್ಯಾಟ್, ಅಂದರೆ ನಾಲ್ಕು ಗಂಟೆ. ಪ್ರೊಸೆಸರ್ ತನ್ನ 15 ವ್ಯಾಟನ್ನು ಎಡೆಬಿಡದೆ ತೆಗೆದುಕೊಳ್ಳುವ ಕೆಲಸ ಹಾಕಿದರೆ ಪರದೆ, ಡಿಸ್ಕು, ಫ್ಯಾನು ಎಲ್ಲ ಸೇರಿ 25ರ ಹತ್ತಿರ ಹೋಗುತ್ತದೆ, ಎರಡು ಗಂಟೆಯೂ ಬಾರದು. ಯಂತ್ರ ಒಂದೇ, ದಿನವೂ ಒಂದೇ, ಉತ್ತರ ಮಾತ್ರ ಮೂರು.

ವರದಿಯನ್ನೇ ಪೂರ್ತಿ ನಂಬಿ ಕೂರುವ ಹಾಗಿಲ್ಲ. ಬ್ಯಾಟರಿಯೊಳಗಿನ ಚಿಪ್ಪು ಆ ಅಂಕಿಯನ್ನು ಅಂದಾಜಿನಿಂದ ಲೆಕ್ಕ ಹಾಕಿರುತ್ತದೆ. ಬಹುದಿನ ಚಾರ್ಜರಿನಲ್ಲೇ ಇದ್ದ ಯಂತ್ರದಲ್ಲಿ ಆ ಅಂದಾಜು ತಪ್ಪಿರುವುದುಂಟು. ಅದಕ್ಕೇ ಚಾರ್ಜರ್ ಕಿತ್ತು, ಒಂದು ವೀಡಿಯೊ ಹಚ್ಚಿ, ಕಾಲು ಗಂಟೆ ಬಿಟ್ಟು ಶೇಕಡಾ ಎಷ್ಟು ಇಳಿಯಿತು ನೋಡಬೇಕು. ನಿಧಾನವಾಗಿ, ಸಮವಾಗಿ ಇಳಿದರೆ ಸರಿ. ಶೇ. 40ರಿಂದ ಒಮ್ಮೆಲೆ 10ಕ್ಕೆ ಜಿಗಿದರೆ ಒಳಗಿನ ಸೆಲ್ಲುಗಳಲ್ಲೊಂದು ಸೋತಿದೆ.

ಹಿಂದಿನ ಬ್ಯಾಟರಿ ಹೊಸದು ಕೊಳ್ಳುವಾಗ ನಕಲಿ ಮಾಲಿನ ಭಯ ಇದ್ದೇ ಇದೆ. ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ದೊಡ್ಡ ಗಾತ್ರದ ಬ್ಯಾಟರಿಯಲ್ಲಿರುವುದು 18650 ಎಂಬ ಆರು ಉರುಳೆ ಸೆಲ್ಲುಗಳು, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಎಷ್ಟೇ ಒಳ್ಳೆಯದಾದರೂ ಇಂಥ ಒಂದು ಸೆಲ್ ಹಿಡಿಯುವುದು 12–13 ವ್ಯಾಟ್-ಗಂಟೆ. ಆರಕ್ಕೆ 72 ಎಂಬುದು ಸರಿಯಾದ ಲೆಕ್ಕ. ಅದೇ ಗಾತ್ರದ ಬ್ಯಾಟರಿಯ ಮೇಲೆ 90 ಎಂದೋ 100 ಎಂದೋ ಅಚ್ಚಾಗಿದ್ದರೆ ಅದು ಸಾಧ್ಯವಿಲ್ಲದ ಮಾತು. ಒಂದೊಂದು ಸೆಲ್ಲಿನ ತೂಕ 45 ಗ್ರಾಂ ಮೇಲಿರುತ್ತದೆ, ಆರಕ್ಕೆ 270 ಗ್ರಾಂ, ಮೇಲೆ ಪ್ಲಾಸ್ಟಿಕ್ಕಿನ ಕವಚ. ತಕ್ಕಡಿಯಲ್ಲಿಟ್ಟಾಗ 200 ಗ್ರಾಂ ತೋರಿಸಿದ ಆರು ಸೆಲ್ಲಿನ ಬ್ಯಾಟರಿಯನ್ನು ವಾಪಸು ಕೊಡಿ.

ಒಳ್ಳೆಯ ಬ್ಯಾಟರಿಯನ್ನು ಮೂರು ವರ್ಷ ಉಳಿಸಿಕೊಳ್ಳುವುದಕ್ಕೂ ಒಂದು ದಾರಿ ಇದೆ. ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2ರ ಹತ್ತಿರ ಇರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತಾ ಹೋಗುತ್ತದೆ, ಬಿಸಿಯೂ ಸೇರಿದರೆ ಬೇಗ ಕೆಡುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಇಡೀ ರಾತ್ರಿ ಶೇ. 100ರಲ್ಲಿ, ಹಾಸಿಗೆಯ ಮೇಲೆ, ಚಾರ್ಜರಿಗೆ ಸಿಕ್ಕಿಸಿಟ್ಟ ಲ್ಯಾಪ್‌ಟಾಪಿಗೆ ಇವೆರಡೂ ಒಟ್ಟಿಗೆ ಬಡಿಯುತ್ತವೆ. ಲೆನೊವೊ ವ್ಯಾಂಟೇಜ್ ಎಂಬ ತಂತ್ರಾಂಶದಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ. ಮನೆಯಲ್ಲಿದ್ದಾಗ ಅದನ್ನು ಹಾಕಿಟ್ಟು, ಇಡೀ ದಿನ ಹೊರಗಿರಬೇಕಾದ ಹಿಂದಿನ ರಾತ್ರಿ ಮಾತ್ರ ತೆಗೆದರಾಯಿತು.

ತೂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಬ್ಯಾಟರಿಯೊಂದಿಗೆ ಈ ಯಂತ್ರ 1.6 ಕಿಲೋ ಆಸುಪಾಸು, ದೊಡ್ಡದನ್ನು ಹಾಕಿದರೆ ಅದು ಎರಡು ಕಿಲೋ ಕಡೆಗೆ ವಾಲುತ್ತದೆ. ಹೊಸ ತೆಳು ಯಂತ್ರಗಳ ಮುಂದೆ ಇದು ಭಾರವೇ. ಕಂಪನಿಗಳು ಹೇಳುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ, ಬಸ್ಸಿನಲ್ಲಿ ಹೆಗಲ ಮೇಲೆ ಅದೂ ಇರುತ್ತದೆ. ಟಿ480 ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವುದರಿಂದ ಇಟ್ಟಿಗೆಯಂಥ ಹಳೇ ಚಾರ್ಜರಿನ ಬದಲು ಫೋನಿಗೂ ಆಗುವ ಪುಟ್ಟ 65 ವ್ಯಾಟಿನ ಚಾರ್ಜರನ್ನು ಒಯ್ಯಬಹುದು. ಅದರ ಮೇಲಿನ ಸಣ್ಣ ಅಕ್ಷರದಲ್ಲಿ `PD` ಹಾಗೂ `20V` ಎಂದಿರಬೇಕು. ಕೆಲವು ಫೋನ್ ಕಂಪನಿಗಳ ಚಾರ್ಜರುಗಳು 65 ವ್ಯಾಟ್ ಎಂದು ಹೇಳಿಕೊಂಡರೂ ಅಷ್ಟನ್ನು ಕೊಡುವುದು ತಮ್ಮ ಫೋನಿಗೆ ಮಾತ್ರ.

ಈ ಯಂತ್ರದ ದಪ್ಪದ ಪ್ರಯೋಜನ ಕಾಣುವುದು ಕೀಲಿಮಣೆಯಲ್ಲಿ. ಕೀಲಿಯನ್ನು ಒತ್ತಿದಾಗ ಅದು ಕೆಳಗಿಳಿಯುವ ದೂರ ಇಲ್ಲಿ ಸುಮಾರು 1.8 ಮಿ.ಮೀ. ತೆಳು ಲ್ಯಾಪ್‌ಟಾಪುಗಳಲ್ಲಿ ಒಂದು, ಒಂದೂಕಾಲು ಮಿ.ಮೀ. ಇರುವುದು ಸಾಮಾನ್ಯ. ಕೂದಲೆಳೆಯ ಅಂತರ ಅನ್ನಿಸಬಹುದು, ಬೆರಳಿಗೆ ಅದು ಗೊತ್ತಾಗುತ್ತದೆ. ಕೀಲಿಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟವಿದೆ. ಒತ್ತುತ್ತಾ ಹೋದಾಗ ಮೊದಲು ಪ್ರತಿರೋಧ ಏರಿ, ಒಂದು ಹಂತದಲ್ಲಿ ಗುಮ್ಮಟ ಕುಸಿದು, ಆಮೇಲೆ ಅಕ್ಷರ ಮೂಡುತ್ತದೆ. ಕುಸಿತಕ್ಕೂ ತಳಕ್ಕೂ ನಡುವೆ ಜಾಗ ಇದ್ದರೆ ಬೆರಳು ಮೆತ್ತಗೆ ನಿಲ್ಲುತ್ತದೆ. ಜಾಗ ಇಲ್ಲದಿದ್ದರೆ ಪ್ರತಿ ಸಲವೂ ಗಟ್ಟಿ ತಳಕ್ಕೆ ತಾಗುತ್ತದೆ. ನಾಲ್ಕು ಸಾಲಿನ ಇಮೇಲಿಗೆ ಇದು ಲೆಕ್ಕಕ್ಕಿಲ್ಲ, ಅರವತ್ತು ಪುಟದ ಪ್ರಾಜೆಕ್ಟ್ ವರದಿಗೆ ಇದೆ.

ಅಂಗಡಿಯಲ್ಲಿ ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿಯನ್ನೂ ಮಧ್ಯದಲ್ಲಿ ಒಮ್ಮೆ, ಅಂಚಿನಲ್ಲಿ ಒಮ್ಮೆ ಒತ್ತಿ. ಅಂಚಿನಲ್ಲಿ ಒತ್ತಿದಾಗ ಅಕ್ಷರ ಮೂಡದಿದ್ದರೆ ಒಳಗಿನ ಕತ್ತರಿ ಆಕಾರದ ಆಧಾರ ಸವೆದಿದೆ. ಕನ್ನಡದಲ್ಲಿ ಬರೆಯುವವರು f ಕೀಲಿಯನ್ನು ವಿಶೇಷವಾಗಿ ನೋಡಬೇಕು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ನುಡಿಯಲ್ಲಿ, ಒತ್ತಕ್ಷರ ಮೂಡಿಸಲು ಅದನ್ನೇ ಒತ್ತಬೇಕು. ಇಂಗ್ಲಿಷಿನಲ್ಲಿ ಅಷ್ಟೇನು ಹೆಚ್ಚು ಬಳಕೆಯಾಗದ ಆ ಕೀಲಿ ಕನ್ನಡದಲ್ಲಿ ಸಾಲಿಗೆ ಹಲವು ಸಲ ದುಡಿಯುತ್ತದೆ.

ಕೀಲಿಮಣೆ ಸವೆದಿದ್ದರೆ? ಟಿ480ರಲ್ಲಿ ಅದನ್ನು ಬೇರೆಯಾಗಿ ಬಿಚ್ಚಿ ಹೊಸದು ಹಾಕಬಹುದು. ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ಕೀಲಿಮಣೆಯನ್ನು ಮೇಲಿನ ಹೊದಿಕೆಗೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿರುತ್ತಾರೆ. ಒಂದು ಕೀಲಿಗೆ ಚಹಾ ಬಿದ್ದರೂ ಇಡೀ ಹೊದಿಕೆ ಬದಲಾಗಬೇಕು. ಇಲ್ಲಿಂದಲೇ ರಿಪೇರಿಯ ಪ್ರಶ್ನೆ ಶುರುವಾಗುತ್ತದೆ. ವಿಮರ್ಶೆಗಳಲ್ಲಿ ಅದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು, ನನ್ನ ಮಟ್ಟಿಗೆ ಮೂರು ವರ್ಷ ಬಾಳಬೇಕಾದ ಯಂತ್ರದ ಮುಖ್ಯ ಗುಣವೇ ಅದು.

ಫ್ರಾನ್ಸ್ ದೇಶ 2021ರ ಜನವರಿಯಿಂದ ಲ್ಯಾಪ್‌ಟಾಪುಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ರಿಪೇರಿಯ ಅಂಕ ಅಚ್ಚು ಮಾಡುವುದನ್ನು ಕಡ್ಡಾಯ ಮಾಡಿತು. ಬಿಚ್ಚುವ ವಿಧಾನದ ದಾಖಲೆ ಸಿಗುತ್ತದೆಯೇ, ಬಿಚ್ಚುವುದು ಸುಲಭವೇ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬ ಪ್ರಶ್ನೆಗಳ ಮೇಲೆ ಆ ಅಂಕ ನಿಂತಿದೆ. ಇದೇ ಪ್ರಶ್ನೆಗಳನ್ನು ನಮ್ಮ ಯಂತ್ರಕ್ಕೂ ಕೇಳಬಹುದು. ದಾಖಲೆಯ ವಿಷಯದಲ್ಲಿ ಟಿ480 ಪೂರ್ಣ ಅಂಕ ಪಡೆಯುತ್ತದೆ. ಯಾವ ಸ್ಕ್ರೂ ಎಲ್ಲಿದೆ, ಯಾವುದನ್ನು ಮೊದಲು ತೆಗೆಯಬೇಕು ಎಂದು ಚಿತ್ರಸಮೇತ ಹೇಳುವ ಕೈಪಿಡಿಯನ್ನು ಲೆನೊವೊ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಭಾಗಗಳಿಗೆ ಅದರದೇ ಸಂಖ್ಯೆಗಳಿವೆ, ಅಂಗಡಿಯಲ್ಲಿ ಆ ಸಂಖ್ಯೆ ಹೇಳಿ ಕೇಳಬಹುದು. ತಳದ ಮುಚ್ಚಳಕ್ಕೆ ಆರು ಸ್ಕ್ರೂಗಳು. ಸಡಿಲಿಸಿದರೂ ಅವು ಮುಚ್ಚಳದಿಂದ ಉದುರುವುದಿಲ್ಲ, ಕಳೆದುಹೋಗುವ ಭಯವಿಲ್ಲ. ಕಂಪನಿಗಳು ಸಾವಿರಗಟ್ಟಲೆ ಬಳಸಿದ್ದರಿಂದ ಕೆಟ್ಟುಹೋದ ಟಿ480ಗಳೂ ಸಾವಿರಗಟ್ಟಲೆ ಇವೆ. ಅವುಗಳ ಪರದೆ, ಫ್ಯಾನು, ಕೀಲು ಅದೇ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ. ವಾರಂಟಿ ಮುಗಿದ ಯಂತ್ರಕ್ಕೆ ಇದಕ್ಕಿಂತ ಗಟ್ಟಿಯಾದ ಆಸರೆ ಬೇರೆ ಇಲ್ಲ.

ದುರ್ಬಲ ಜಾಗಗಳೂ ಇವೆ. ಚಾರ್ಜ್ ಮಾಡುವ ಎರಡೂ ಯುಎಸ್‌ಬಿ-ಸಿ ಕಿಂಡಿಗಳು ನೇರವಾಗಿ ಮದರ್‌ಬೋರ್ಡಿನ ಮೇಲೆ ಕೂತಿವೆ. ಕೇಬಲ್ಲಿಗೆ ಕಾಲು ತೊಡರಿ ಎಳೆದರೆ ಪೆಟ್ಟು ಬೀಳುವುದು ಬೋರ್ಡಿಗೇ. ಎರಡರಲ್ಲೂ ಚಾರ್ಜರ್ ಚುಚ್ಚಿ, ಮೆಲ್ಲಗೆ ಅಲುಗಾಡಿಸಿ, ಸಂಪರ್ಕ ಕಡಿಯುತ್ತದೆಯೇ ನೋಡಿ. ಇದಲ್ಲದೆ ಥಂಡರ್‌ಬೋಲ್ಟ್ ನಿಯಂತ್ರಕದ ಫರ್ಮ್‌ವೇರ್‌ನಲ್ಲಿ ದೋಷವಿತ್ತು. ಅದರಿಂದ ಯುಎಸ್‌ಬಿ-ಸಿ ಕಿಂಡಿ ಕೆಲಸ ನಿಲ್ಲಿಸುವ ಸಾಧ್ಯತೆ ಇದ್ದುದರಿಂದ ಲೆನೊವೊ ತಿದ್ದುಪಡಿಯನ್ನು ಬಿಡುಗಡೆ ಮಾಡಿ, ಹಾಕಿಕೊಳ್ಳಲೇಬೇಕೆಂದು ಹೇಳಿತು. ಕೊಂಡ ಮೊದಲ ದಿನವೇ ವ್ಯಾಂಟೇಜ್ ತೆರೆದು ಬಾಕಿ ಇರುವ ಎಲ್ಲ ಅಪ್‌ಡೇಟುಗಳನ್ನೂ ಹಾಕಿಸಬೇಕು. ಪರದೆಯಲ್ಲೂ ಬೇರೆ ಬೇರೆ ಬಗೆಗಳಿವೆ. ಅಗ್ಗದ ಯಂತ್ರಗಳಲ್ಲಿ ಬಂದ 1366×768ರ ಪರದೆಯಲ್ಲಿ ಕೋಡಿನ ಸಾಲುಗಳು ಸಾಕಷ್ಟು ಹಿಡಿಸುವುದಿಲ್ಲ. ಐಪಿಎಸ್ ಪರದೆಯ 1920×1080ರದ್ದನ್ನೇ ಕೇಳಿ.

ಕೊನೆಗೆ, ಹಣ ಕೊಡುವ ಮೊದಲು ಯಂತ್ರವನ್ನು ಮರುಚಾಲನೆ ಮಾಡಿ, ಲೆನೊವೊ ಚಿಹ್ನೆ ಮೂಡಿದಾಗ F1 ಒತ್ತಿ ಬಯೋಸ್ ಒಳಗೆ ಹೋಗಿ. ಕಂಪನಿಗಳಿಂದ ಬಂದ ಕೆಲವು ಯಂತ್ರಗಳಲ್ಲಿ ಅಲ್ಲೊಂದು ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿರುತ್ತದೆ. ಅದನ್ನು ವಿಂಡೋಸ್ ಮರುಸ್ಥಾಪಿಸಿ ಅಳಿಸಲಾಗದು, ಬ್ಯಾಟರಿ ತೆಗೆದು ಇಟ್ಟರೂ ಹೋಗದು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಕಂಪನಿಯೇ ಹೇಳುತ್ತದೆ. ಮುಂದೊಂದು ದಿನ ಆ ಆರು ಸ್ಕ್ರೂಗಳನ್ನು ಬಿಚ್ಚಿ ರ‍್ಯಾಮ್ ಹಾಕುವಾಗ ಒಳಗಿನ ಬ್ಯಾಟರಿಯ ಸಂಪರ್ಕ ಕಡಿಯುವ ಆಯ್ಕೆ ಇರುವುದೂ ಇದೇ ಬಯೋಸ್‌ನಲ್ಲಿ. ಹಾಗಾಗಿ ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರು ಅದನ್ನು ಕಣ್ಣೆದುರೇ ತೆಗೆದು ತೋರಿಸುವವರೆಗೆ ಹಣ ಕೊಡಬೇಡಿ.